ತೂಕದಕ್ಕ ಕೈಗವಸು ಬಿಚ್ಚಿದ್ದು

ತೂಕದಕ್ಕನ ಹೆದರಿಕೆ ನಮ್ಮ ಕಾರ್ಖಾನೆಯಲ್ಲಿ ಮನೆಮಾತಾಗಿತ್ತು. ಲಿಫ್ಟ್ ಕೆಟ್ಟು ನಿಂತೀತು ಎಂದು ಮೂರನೆಯ ಅಂತಸ್ತಿಗೂ ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. ಒಲೆ ಆರಿಸಿದ್ದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ವಾಪಸ್ ಓಡಿದ ದಿನಗಳು ಎಷ್ಟೋ. ಫೋನ್ ಹೊಡೆದುಕೊಂಡರೆ ಅವರ ಎದೆ ಧಸಕ್ಕೆನ್ನುತ್ತಿತ್ತು. 'ಅಕ್ಕನ ನೆರಳು ಹಿಂದೆ ಬಂದ್ರೂ ಅಕ್ಕ ತಿರುಗಿ ನೋಡ್ತಾರೆ' ಎಂದು ಪ್ಯಾಕಿಂಗ್ ವಿಭಾಗದ ಹೆಂಗಸರು ನಗುತ್ತಿದ್ದರು.

ಆದರೆ ಅವರ ಕೆಲಸಕ್ಕೆ ಆ ಹೆದರಿಕೆಯೇ ಆಸ್ತಿ. ನಮ್ಮದು ಮುಖಕ್ಕೆ ಹಚ್ಚುವ ಕ್ರೀಮು, ಲೋಷನ್ನು, ಸೀರಮ್ಮು ತಯಾರಿಸುವ ಸಣ್ಣ ಘಟಕ, ಹದಿನಾಲ್ಕು ಜನ. ಕೆಳಗಿನ ಮಹಡಿಯಲ್ಲಿ ಮುದ್ರಣಾಲಯ, ಅದರ ಮೇಲೆ ಗೋದಾಮು, ತುದಿಯಲ್ಲಿ ನಾವು. ಯಾವ ಪುಡಿ ಎಷ್ಟು ಗ್ರಾಂ ಎಂದು ತೂಗಿ ಕೊಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗ್ರಾಂ ಆಚೀಚೆ ಆದದ್ದಿಲ್ಲ, ಯಾಕೆಂದರೆ ಪ್ರತಿಯೊಂದನ್ನೂ ಮೂರು ಸಲ ತೂಗುತ್ತಿದ್ದರು. ನಾನು ಅಲ್ಲಿಗೆ ಕೆಮಿಸ್ಟ್ ಆಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು, ಅವರಿಗೆ ಐವತ್ತೊಂದು. ಗಂಡ ಇರಲಿಲ್ಲ. ಬಸ್ ಡಿಪೋದ ಕಚೇರಿಯಲ್ಲಿ ಬೆಳಗಿನ ಪಾಳಿ ಮಾಡುವ ಮಗಳೊಬ್ಬಳಿದ್ದಳು. ಅವಳು ಹೊರಡುವಾಗ ಇವರಿನ್ನೂ ಎದ್ದಿರುತ್ತಿರಲಿಲ್ಲ, ಇವರು ಮನೆ ಸೇರುವಾಗ ಅವಳು ಮಲಗುವ ಹೊತ್ತು.

ಇಷ್ಟು ಹೆದರಿಕೆಗೆ ಒಂದು ಮೂಲವಿತ್ತು. ಅವರು ಹನ್ನೊಂದು ವರ್ಷದವರಿದ್ದಾಗ ಅವರ ತಾಯಿ ಕಾಮಾಲೆಯಲ್ಲಿ ತೀರಿಕೊಂಡಿದ್ದರು. ಮೊದಲು ಅಂಗೈ ಹಳದಿಯಾಯಿತಂತೆ, ಆಮೇಲೆ ಕಣ್ಣು. ಕನ್ನಡಿ ಹಿಡಿದು ತಮ್ಮ ಕಣ್ಣನ್ನು ತಾವೇ ನೋಡಿಕೊಂಡ ದಿನ ತಾಯಿ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಇದನ್ನು ಅಕ್ಕ ಯಾರಿಗೂ ಹೇಳಿರಲಿಲ್ಲ. ನನಗೆ ತಿಳಿದದ್ದೂ ತಡವಾಗಿಯೇ.

ಆ ವರ್ಷ ನಮ್ಮ ಯಜಮಾನರಿಗೆ ವಿಟಮಿನ್ ಸಿ ಸೀರಮ್ ಮಾಡಿಸುವ ಹುಮ್ಮಸ್ಸು ಬಂತು. ಯಾರು ಏನೇ ಹೇಳಿದರೂ 'ಆಯ್ತಾಯ್ತು' ಎಂದು ಮಾತು ಮುಗಿಸುವ ಮನುಷ್ಯ. ಹಿಂದಿನಿಂದ ಎಲ್ಲರೂ ಅವರನ್ನು ಆಯ್ತಾಯ್ತು ಎಂದೇ ಕರೆಯುತ್ತಿದ್ದರು. ಕೆಟ್ಟವರಲ್ಲ. ಅವಸರದವರು.

ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಮ್ಲ. ಒಣ ಪುಡಿಯಾಗಿ ಡಬ್ಬಿಯಲ್ಲಿದ್ದರೆ ಅದು ಸಾಧು ಪ್ರಾಣಿ. ನೀರಿಗೆ ಬಿದ್ದ ಕ್ಷಣದಿಂದ ಅದರ ಆಯಸ್ಸು ಲೆಕ್ಕಕ್ಕೆ ಬರುತ್ತದೆ. ಗಾಳಿಯ ಆಮ್ಲಜನಕ ಅದನ್ನು ಬೇರೆ ಬೇರೆ ವಸ್ತುವಾಗಿ ಮುರಿಯುತ್ತಾ ಹೋಗುತ್ತದೆ. ಬಿಸಿಲು, ಸೆಖೆ, ಕಬ್ಬಿಣ-ತಾಮ್ರದ ಕಣ ಇದ್ದರೆ ಇನ್ನೂ ಬೇಗ. ಬಣ್ಣವಿಲ್ಲದ ದ್ರವ ಒಣಹುಲ್ಲಿನ ಹಳದಿಯಾಗಿ, ಕಿತ್ತಳೆಯಾಗಿ, ಕೊನೆಗೆ ಕಂದಾಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು.

"ಸರ್, ಬೆಳಕು ಹಾಯದ ಬಾಟ್ಲಿ ಬೇಕು. ಡ್ರಾಪರ್ ಬೇಡ, ತೆಗೆದಾಗೆಲ್ಲ ಗಾಳಿ ಒಳಗೆ ಹೋಗುತ್ತೆ. ಗಾಳಿ ಸೇರದ ಪಂಪಿನ ಬಾಟ್ಲಿ ಸಿಗುತ್ತೆ, ಅದನ್ನ ತರಿಸೋಣ," ಎಂದು ನಾನು ಒಮ್ಮೆ ಹೇಳಿದೆ.

"ಕಂದು ಬಾಟ್ಲಿಲಿ ಹಾಕಿದ್ರೆ ಕೆಮ್ಮಿನ ಔಷಧಿ ಥರ ಕಾಣುತ್ತಮ್ಮ," ಎಂದರು ಯಜಮಾನರು. "ಗಾಜು ಪಳಪಳ ಅನ್ನಬೇಕು. ಆಯ್ತಾಯ್ತು, ಮುಂದಿನ ಸಲ ನೋಡೋಣ."

ನಾನು ಸುಮ್ಮನಾದೆ. ಮೊದಲ ನೌಕರಿ, ಆರು ತಿಂಗಳೂ ಆಗಿರಲಿಲ್ಲ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಮೂರು ತಿಂಗಳಿಟ್ಟು ಕೆಡುತ್ತದೆಯೇ ಎಂದು ನೋಡಬೇಕಾದ ಪರೀಕ್ಷೆಗೆ ಮೂರೇ ವಾರಕ್ಕೆ ಸಹಿ ಹಾಕಿದೆ. ತೂಕದಕ್ಕ ಒಬ್ಬರೇ ಹೆದರುಪುಕ್ಕಲು ಎಂದು ನಾವು ನಗುತ್ತಿದ್ದೆವಲ್ಲ, ಆ ಸಹಿ ಹಾಕಿದವಳು ನಾನು.

ನಲವತ್ತು ಕಿಲೋ ದ್ರಾವಣಕ್ಕೆ ಆರು ಕಿಲೋ ಪುಡಿಯನ್ನು ಅಕ್ಕ ಮೂರು ಸಲ ತೂಗಿ ಕೊಟ್ಟರು. ಪಾರದರ್ಶಕ ಬಿಳಿ ಗಾಜು, ಕರಿ ರಬ್ಬರಿನ ಡ್ರಾಪರ್, ಚೀಟಿಯ ಮೇಲೆ ಕಿತ್ತಳೆ ಹಣ್ಣಿನ ಚಿತ್ರ. ಅರ್ಧ ಮಾಲು ಅಂಗಡಿಗಳಿಗೆ ಹೋಯಿತು. ಉಳಿದ ಆರುನೂರು ಬಾಟಲಿ ಪಡುವಣ ಕಿಟಕಿಯ ಪಕ್ಕದ ಕಪಾಟಿನಲ್ಲಿ ಕುಳಿತಿತು. ಸಂಜೆ ಬಿಸಿಲು ನೇರ ಅದರ ಮೇಲೆಯೇ. ಎರಡು ತಿಂಗಳಲ್ಲಿ ಮುಂದಿನ ಸಾಲು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತು. ನಾನು ಯಜಮಾನರನ್ನು ಕರೆದು ತೋರಿಸಿದೆ. "ಒಳ್ಳೇದೇ ಆಯ್ತಲ್ಲ, ಚಿತ್ರಕ್ಕೆ ಹೊಂದ್ಕೊಂತು. ಆಯ್ತಾಯ್ತು," ಎಂದು ಹೊರಟುಹೋದರು.

ತೂಕದಕ್ಕನ ಎರಡೂ ಕೆನ್ನೆಯ ಮೇಲೆ ಬಂಗು ಇತ್ತು. ಅಷ್ಟು ವರ್ಷ ಅಲ್ಲಿ ದುಡಿದರೂ ಒಂದು ಕ್ರೀಮನ್ನೂ ಮುಖಕ್ಕೆ ಸೋಕಿಸಿದವರಲ್ಲ. ಏನಾದರೂ ಆದೀತು ಎಂಬ ಭಯ. ಆ ಸಲ ಯಾಕೋ ಆಸೆಯಾಯಿತು. ಚೀಟಿಯ ಮೇಲೆ 'ಕಲೆ ತಿಳಿಯಾಗುತ್ತದೆ' ಎಂದಿತ್ತು. ಕಷಾಯ ಗಾಢವಾದಷ್ಟೂ ಸತ್ವ ಹೆಚ್ಚು ಎಂದು ಅವರ ಲೆಕ್ಕ. ಮುಂದಿನ ಸಾಲಿನಿಂದ ಎಲ್ಲಕ್ಕಿಂತ ಗಾಢವಾದ ಎರಡು ಬಾಟಲಿಯನ್ನು ಆರಿಸಿ, ಟಿಫಿನ್ ಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ ಮನೆಗೆ ಒಯ್ದರು. ಅವರ ಜೀವಮಾನದ ಏಕೈಕ ಕಳ್ಳತನ.

ದಿನಾ ಸಂಜೆ ಅಂಗೈಗೆ ಸುರಿದು, ಎರಡೂ ಕೈ ಉಜ್ಜಿ, ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದರು. ಏನಾದರೂ ಆದೀತೆಂದು ಮುಖವನ್ನು ಒದ್ದೆ ಬಟ್ಟೆಯಿಂದ ಬೇಗ ಒರೆಸಿಕೊಳ್ಳುತ್ತಿದ್ದರು, ಕೈಗೆ ಅಂಟಿದ್ದು ಹಾಗೇ ಉಳಿಯುತ್ತಿತ್ತು. ಹತ್ತು ದಿನ ಕಳೆದಿರಬೇಕು, ಒಂದು ಬೆಳಿಗ್ಗೆ ಬಸ್ಸಿನ ಕಂಬಿ ಹಿಡಿದಾಗ ಅಂಗೈ ಕಣ್ಣಿಗೆ ಬಿತ್ತು. ರೇಖೆಗಳೆಲ್ಲ ಕಿತ್ತಳೆ ಬಣ್ಣದ ನೂಲೆಳೆದ ಹಾಗೆ. ಬೆರಳ ಗೆಣ್ಣು ಕಂದು. ಉಗುರು ಹಳದಿ.

ಅವರು ಕಂಬಿ ಬಿಟ್ಟುಬಿಟ್ಟರಂತೆ. ಪಕ್ಕದವರು ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದರು.

ಅಲ್ಲಿಂದ ಎಂಟು ದಿನ ಆ ಹೆಂಗಸು ಅನುಭವಿಸಿದ್ದು ನನಗೆ ತಿಳಿದದ್ದು ಆಮೇಲೆ, ಅವರ ಬಾಯಿಂದಲೇ. ನಾವು ಹತ್ತು ಅಡಿ ದೂರದಲ್ಲೇ ಇದ್ದೆವು, ಒಬ್ಬರಿಗೂ ಗೊತ್ತಾಗಲಿಲ್ಲ. ಸೋಪು, ಉಪ್ಪು, ಪಾತ್ರೆ ತಿಕ್ಕುವ ನಾರು, ಎಲ್ಲವನ್ನೂ ಹಾಕಿ ಉಜ್ಜಿದರು. ಬಣ್ಣ ಹೋಗಲಿಲ್ಲ, ಚರ್ಮ ಕಿತ್ತುಬಂತು. ಒಳಗಿನಿಂದ ಬಂದದ್ದು ಹೊರಗೆ ಉಜ್ಜಿದರೆ ಹೋದೀತೇ ಎಂದುಕೊಂಡರು. ಸ್ನಾನದ ಮನೆಯ ಕನ್ನಡಿಗೆ ಟವೆಲ್ ಹೊದಿಸಿದರು. ತಾಯಿ ನೋಡಿಕೊಂಡ ಹಾಗೆ ತಮ್ಮ ಕಣ್ಣನ್ನು ನೋಡಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ. ಮಗಳು "ಕನ್ನಡಿಗೇನಾಯ್ತಮ್ಮ?" ಎಂದು ಕೇಳಿದ್ದಕ್ಕೆ "ಗೋಡೆ ಒದ್ದೆ, ಕಲೆಯಾಗುತ್ತೆ" ಎಂದು ಸಂಬಂಧವಿಲ್ಲದ ಉತ್ತರ ಕೊಟ್ಟರು. ಇನ್ನೊಂದು ಸಂಗತಿ: ಮಗಳಿಗೆ ಕೈಯ ಹಳದಿ ಕಾಣಬಾರದೆಂದು ಅದನ್ನು ತಿಳಿಗೊಳಿಸಲು ಅದೇ ಸೀರಮ್ಮನ್ನು ದಿನಕ್ಕೆ ಎರಡು ಹೊತ್ತು ಹಚ್ಚತೊಡಗಿದರು. ಹಚ್ಚಿದಷ್ಟೂ ಬಣ್ಣ ಏರಿತು. ಏರಿದಷ್ಟೂ ರೋಗ ಬಲಿಯುತ್ತಿದೆ ಎಂದು ಅವರು ನಂಬಿದರು.

ಕೆಲಸದಲ್ಲಿ ಕೈಗವಸು ಇರುತ್ತಿತ್ತು, ಟೊಪ್ಪಿ, ಮಾಸ್ಕು ಇರುತ್ತಿತ್ತು. ಊಟಕ್ಕೆ ಎಲ್ಲರಿಗಿಂತ ಕೊನೆಗೆ, ಒಬ್ಬರೇ ಕೂರುತ್ತಿದ್ದರು. ತೂಗುವ ಕೋಣೆಯ ಡಬ್ಬಿಗಳಿಗೆಲ್ಲ ದೊಡ್ಡ ಅಕ್ಷರದಲ್ಲಿ ಹೊಸ ಚೀಟಿ ಬರೆದು ಅಂಟಿಸಿದರು. ನಾನು ಮೆಚ್ಚಿಕೊಂಡೆ. ತಾವು ಹೋದಮೇಲೆ ಬರುವವರಿಗೆ ತೊಂದರೆಯಾಗದಿರಲಿ ಎಂದು ಅವರು ಬರೆಯುತ್ತಿದ್ದದ್ದು.

ಎಂಟನೆಯ ದಿನ ಬೆಳಿಗ್ಗೆ ನನಗೊಂದು ಫೋನ್ ಬಂತು. ಶಾಲೆಯ ಟೀಚರೊಬ್ಬರು ನಮ್ಮ ಸೀರಮ್ ಹಚ್ಚಿ ಮುಖ ಪಟ್ಟೆಪಟ್ಟೆಯಾಗಿ ಕಿತ್ತಳೆಯಾಗಿದೆ, ಹುಬ್ಬು, ಕೂದಲಂಚು ಇನ್ನೂ ಗಾಢ, ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದಿದ್ದಾರೆ ಎಂದು ಜಗಳವಾಡಿದರು. ನಾನು ಯಜಮಾನರ ಕೋಣೆಗೆ ಹೋಗಿ ಹೇಳಿದೆ. ಪ್ಯಾಕಿಂಗಿನ ಮೇಲ್ವಿಚಾರಕಿ ಅಲ್ಲೇ ನಿಂತಿದ್ದವರು ನಕ್ಕರು: "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಆ ಟೀಚರಮ್ಮಂಗೆ ಮೊದಲು ಕಾಮಾಲೆ ಔಷಧಿ ಕೊಡಿಸಿ."

ಪಕ್ಕದ ತೂಗುವ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಸ್ಟೀಲ್ ಚಮಚ ನೆಲದ ಮೇಲೆ, ಪುಡಿ ಚೆಲ್ಲಾಪಿಲ್ಲಿ, ಅಕ್ಕ ಗೋಡೆಗೆ ಒರಗಿ ನಿಂತಿದ್ದಾರೆ. ಉಸಿರು ಸಿಗುತ್ತಿರಲಿಲ್ಲ. ಮಾಸ್ಕ್ ಎಳೆದೆ. ಕೈ ಹಿಡಿಯಲೆಂದು ಕೈಗವಸು ಎಳೆಯಹೋದೆ, ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಅರ್ಧ ಬಿಚ್ಚಿದ ಗವಸಿನ ಕೆಳಗೆ ಅಂಗೈ ಕಂಡಿತು.

"ಎಷ್ಟು ದಿನದಿಂದ ಅಕ್ಕ?"

"ಯಾರಿಗೂ ಹೇಳ್ಬೇಡಿ ಮೇಡಂ. ನನ್ನ ಮಗಳಿಗೆ ಮೊದ್ಲು ಗೊತ್ತಾಗ್ಬಾರ್ದು." ಗವಸನ್ನು ಮತ್ತೆ ಮೇಲೆಳೆದುಕೊಂಡರು. "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು."

ಕಿಟಕಿಯ ಬೆಳಕಿಗೆ ಅವರ ಮುಖ ತಿರುಗಿಸಿ ಕೆಳರೆಪ್ಪೆ ಎಳೆದು ನೋಡಿದೆ. ನಿದ್ದೆಯಿಲ್ಲದೆ ಕೆಂಪಾಗಿತ್ತು, ಆದರೆ ಬಿಳಿ ಭಾಗ ಬಿಳಿಯಾಗಿಯೇ ಇತ್ತು. ಆಮೇಲೆ ಕೆನ್ನೆ ನೋಡಿದೆ. ಎರಡೂ ಕಡೆ, ಬಂಗಿನ ಮೇಲೆ ಮಾತ್ರ, ಬೆರಳಿನಿಂದ ಸವರಿದ ಆಕಾರದಲ್ಲಿ ಕಿತ್ತಳೆ ಛಾಯೆ.

"ಅಕ್ಕ, ನಿಜ ಹೇಳಿ. ಮುಖಕ್ಕೆ ಏನು ಹಚ್ತಿದೀರಿ?"

ಗೋಡೆಗೆ ಒರಗಿದಂತೆಯೇ ನೆಲಕ್ಕೆ ಕುಸಿದು ಕೂತು ಹೇಳಿದರು. ರೋಗಕ್ಕಿಂತ ಆ ಎರಡು ಬಾಟಲಿಯ ಮಾತು ಬಾಯಿಂದ ಹೊರಬರುವುದು ಅವರಿಗೆ ಕಷ್ಟವಾಯಿತು.

ನಾನು ನೆಲದ ಮೇಲೆ ಅವರ ಪಕ್ಕದಲ್ಲೇ ಕೂತು ವಿವರಿಸಿದೆ. ವಿಟಮಿನ್ ಸಿ ಕೆಟ್ಟು ಒಡೆದಾಗ ಹುಟ್ಟುವ ಚೂರುಗಳಲ್ಲಿ ಎರಿಥ್ರುಲೋಸ್ ಎಂಬ ಸಕ್ಕರೆಯೊಂದಿದೆ. ಮೈಬಣ್ಣ ಕಂದಾಗಲಿ ಎಂದು ಹಚ್ಚುವ ಕ್ರೀಮುಗಳಲ್ಲಿ ಬೇಕೆಂದೇ ಹಾಕುವುದೂ ಅದನ್ನೇ. ಚರ್ಮದ ಮೇಲ್ಪದರದ ಸತ್ತ ಕೋಶಗಳನ್ನು ಹಿಡಿದು ಅದು ನಿಧಾನವಾಗಿ ಬಣ್ಣ ಕಟ್ಟುತ್ತದೆ. ಅಂಗೈ, ಗೆಣ್ಣಿನಂತಹ ದಪ್ಪ ಚರ್ಮದಲ್ಲಿ ಹೆಚ್ಚು. ಸೋಪಿಗೆ ಹೋಗುವುದಿಲ್ಲ, ಆ ಪದರ ಉದುರಿದಾಗ ತಾನೇ ಹೋಗುತ್ತದೆ.

"ಅಂದ್ರೆ ಒಳಗಿಂದು ಅಲ್ವಾ?"

"ಅಲ್ಲ ಅನ್ಸುತ್ತೆ. ಆದ್ರೆ ನಾನು ಡಾಕ್ಟರಲ್ಲ. ಇವತ್ತೇ ರಕ್ತ ಕೊಟ್ಟು ಬರೋಣ ನಡೀರಿ."

ವರದಿ ಮರುದಿನ ಮಧ್ಯಾಹ್ನ ಬಂತು. ಯಕೃತ್ತು ಸರಿಯಾಗಿತ್ತು. ಅಕ್ಕ ಆ ಕಾಗದವನ್ನು ಓದಲಿಲ್ಲ, ನನ್ನಿಂದ ಎರಡು ಸಲ ಓದಿಸಿಕೊಂಡರು. ಅಷ್ಟರಲ್ಲಿ ನಾನೂ ನನ್ನ ಮುಂಗೈಗೆ ಒಂದು ಕಡೆ ಆ ಚಹಾ ಬಣ್ಣದ್ದನ್ನೂ ಇನ್ನೊಂದು ಕಡೆ ಹೊಸದಾಗಿ ಕಲಸಿದ್ದನ್ನೂ ಮೂರು ಸಲ ಹಚ್ಚಿ ಕಾದಿದ್ದೆ. ಹಳೆಯದು ಸೋಕಿದ ಕಡೆ ನಾಣ್ಯದಗಲ ಹಳದಿ ಮೂಡಿತ್ತು. ಹೊಸದು ಸೋಕಿದ ಕಡೆ ಏನೂ ಇರಲಿಲ್ಲ.

ಕಪಾಟಿನ ಆರುನೂರು ಬಾಟಲಿ ಶನಿವಾರ ಅಂಗಡಿಗಳಿಗೆ ಹೊರಡುವುದಿತ್ತು. ಅಂದು ಗುರುವಾರ.

ನಾನು ಯಜಮಾನರಿಗೆ ನನ್ನ ಮುಂಗೈ ತೋರಿಸಿದೆ. "ನಿನ್ನ ಚರ್ಮ ನಾಜೂಕು," ಎಂದರು. ಟೀಚರ್ ವಿಷಯ ಎತ್ತಿದೆ. "ಸಾವಿರಕ್ಕೊಬ್ರು ಹಂಗೆ. ಬದಲಿ ಬಾಟ್ಲಿ ಕಳಿಸು, ಆಯ್ತಾಯ್ತು." ಹೊರಗೆ ಬಂದು ಅಕ್ಕನಿಗೆ ಹೇಳಿದೆ. ಅವರನ್ನು ಒಳಗೆ ಕರೆಯುವ ಯೋಚನೆ ನನಗಿರಲಿಲ್ಲ. ಕದ್ದೆ ಎಂದು ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಘಟಕದಲ್ಲಿ ಸೋಪಿನ ತುಂಡು ಒಯ್ದವರನ್ನೂ ಹೊರಗೆ ಹಾಕಿದ್ದರು.

ಅಕ್ಕ ನೀರು ಕುಡಿದರು. ಮತ್ತೆ ಕುಡಿದರು. "ಆರ್ನೂರು ಮನೆ ಅಲ್ವಾ ಮೇಡಂ?" ಎಂದರು. "ಅದ್ರಲ್ಲಿ ಯಾರ್ಯಾರ ಮನೇಲಿ ಯಾರ್ಯಾರು ಹೋಗಿದಾರೋ, ಯಾವ ಕಾಯ್ಲೆಲಿ."

ಅಷ್ಟು ಹೇಳಿ ಎದ್ದು ಯಜಮಾನರ ಬಾಗಿಲು ತಟ್ಟಿದರು. ಇಪ್ಪತ್ತೆರಡು ವರ್ಷದಲ್ಲಿ ತಾವಾಗಿಯೇ ಆ ಬಾಗಿಲು ತಟ್ಟಿದ್ದು ಅದೇ ಮೊದಲು. ನಾನು ಹಿಂದೆಯೇ ಹೋದೆ. ಏನೂ ಪೀಠಿಕೆಯಿಲ್ಲದೆ ಎರಡೂ ಕೈಗವಸು ಬಿಚ್ಚಿ ಮೇಜಿನ ಮೇಲೆ ಅಂಗೈ ಹರವಿದರು.

"ಎರಡು ಬಾಟ್ಲಿ ಕದ್ದೆ ಸರ್. ನಾನೇ. ಹಚ್ಕೊಂಡಿದ್ದಕ್ಕೆ ಹೀಗಾಯ್ತು. ಎಂಟು ದಿನ ಸಾಯ್ತೀನಿ ಅಂದ್ಕೊಂಡಿದ್ದೆ. ನನ್ನ ಕೆಲ್ಸ ತೆಗೀರಿ, ಪರವಾಗಿಲ್ಲ. ಆ ಮಾಲು ಕಳಿಸ್ಬೇಡಿ."

ಯಜಮಾನರು ಆ ಕೈಗಳನ್ನು ನೋಡುತ್ತ ಕುಳಿತರು. ಹಳದಿಯ ಜೊತೆಗೆ ನಾರಿನಿಂದ ಉಜ್ಜಿ ಎದ್ದ ಗಾಯಗಳೂ ಇದ್ದವು. ನಾನು ಅದೇ ಉಸಿರಿನಲ್ಲಿ, ಮೂರು ತಿಂಗಳ ಪರೀಕ್ಷೆಗೆ ಮೂರು ವಾರಕ್ಕೇ ಸಹಿ ಹಾಕಿದ್ದು ನನ್ನ ತಪ್ಪು ಎಂದೆ. ಅವರು ನನ್ನ ಕಡೆ ನೋಡಲಿಲ್ಲ. "ಡಾಕ್ಟರಿಗೆ ತೋರಿಸಿದ್ಯೇನಮ್ಮ?" ಎಂದು ಅಕ್ಕನನ್ನು ಕೇಳಿದರು. ಆ ದಿನ ಅವರು ಆಯ್ತಾಯ್ತು ಎನ್ನಲಿಲ್ಲ.

ಶನಿವಾರದ ಮಾಲು ಹೋಗಲಿಲ್ಲ. ಹೋದದ್ದನ್ನು ವಾಪಸ್ ತರಿಸಲು ಅಂಗಡಿ ಅಂಗಡಿಗೆ ನೋಟೀಸು ಅಂಟಿಸಿದೆವು: ಬಣ್ಣ ತಿರುಗಿದ ಸೀರಮ್ ಬಳಸಬೇಡಿ, ಹಿಂದಿರುಗಿಸಿ, ಅನುಮಾನವಿದ್ದರೆ ಈ ಸಂಖ್ಯೆಗೆ ಕರೆ ಮಾಡಿ. ಕರೆ ತೆಗೆದುಕೊಳ್ಳುವವರು ಯಾರು ಎಂಬ ಮಾತು ಬಂದಾಗ ಅಕ್ಕ ಕೈ ಎತ್ತಿದರು. ಫೋನ್ ಸದ್ದಿಗೇ ಬೆಚ್ಚಿಬೀಳುವ ಅಕ್ಕ.

ಮೂವತ್ತೇಳು ಕರೆ ಬಂದವು. ಬೈದವರಿದ್ದರು, ಅತ್ತವರಿದ್ದರು. ಅಕ್ಕ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಮೊದ್ಲು ಕಿಟಕಿ ಹತ್ರ ಹೋಗಿ, ಕನ್ನಡೀಲಿ ಕಣ್ಣಿನ ಬಿಳಿ ನೋಡ್ಕೊಳಿ. ನಾನು ಫೋನಲ್ಲೇ ಇರ್ತೀನಿ. ಬೆಳ್ಳಗಿದ್ರೆ ಇದು ಬರೀ ಬಣ್ಣ, ಹಚ್ಚೋದು ಬಿಟ್ರೆ ವಾರ ಹತ್ತು ದಿನಕ್ಕೆ ಹೋಗುತ್ತೆ. ಆದ್ರೂ ಭಯ ಇದ್ರೆ ಡಾಕ್ಟರಿಗೆ ತೋರಿಸಿ, ನಾನೂ ತೋರಿಸ್ದೆ."

ಐದನೆಯ ದಿನದ ಒಂದು ಕರೆ ಹಾಗಿರಲಿಲ್ಲ. ಬಟ್ಟೆ ಹೊಲಿಯುವ ಹೆಂಗಸೊಬ್ಬರು. ನಾನು ಎದುರಿಗೇ ಇದ್ದೆ. ಅಕ್ಕ ಎಂದಿನಂತೆ ಹೇಳಿದರು, ಕಾದರು. ಆ ಕಡೆಯಿಂದ ಏನು ಬಂತೋ, ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕಣ್ಣೂ ಹಳದಿನಾ? ಸರಿಯಾಗಿ ನೋಡಿ. ಮೂತ್ರದ ಬಣ್ಣ?" ಸ್ವಲ್ಪ ಹೊತ್ತು ಬಿಟ್ಟು, "ಇಲ್ಲ ತಾಯಿ, ಅದು ನಮ್ಮ ಸೀರಮ್ಮಿಂದ ಅಲ್ಲ. ಸಂಜೆ ತನಕ ಕಾಯ್ಬೇಡಿ. ಮನೇಲಿ ಯಾರಿದಾರೆ? ಯಜಮಾನ್ರಾ? ಅವರಿಗೆ ಕೊಡಿ ಫೋನು."

ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಗಂಡನಿಗೆ ಮೂರು ಸಲ ಹೇಳಿ ಫೋನ್ ಇಟ್ಟರು. ಆ ಹೆಂಗಸಿನ ಹೆಸರು, ಊರು ಏನೂ ಕೇಳಿಕೊಂಡಿರಲಿಲ್ಲ. ಮೂರು ವಾರ, ಫೋನ್ ಸದ್ದಾದಾಗಲೆಲ್ಲ ನನ್ನ ಮುಖ ನೋಡಿ ಆಮೇಲೆ ಎತ್ತುತ್ತಿದ್ದರು. ಕೊನೆಗೊಂದು ದಿನ ಆಕೆಯ ಗಂಡನೇ ಫೋನ್ ಮಾಡಿದರು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತಂತೆ. ತೆಗೆದರು, ಮನೆಗೆ ಬಂದಿದ್ದಾರೆ. ನೀವು ಹೇಳದಿದ್ದರೆ ಬರೀ ಸೀರಮ್ಮಿನ ಬಣ್ಣ ಎಂದುಕೊಂಡು ಇನ್ನೂ ವಾರ ಕಾಯುತ್ತಿದ್ದೆವು ಎಂದರು. ಅಕ್ಕ "ಹೂಂ, ಹೂಂ" ಎಂದಷ್ಟೇ ಹೇಳಿ, ಫೋನ್ ಇಟ್ಟು, ತೂಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಕ್ಕನ ಕೆಲಸ ಉಳಿಯಿತು. ನನ್ನದೂ. ಹೊಸ ಸೀರಮ್ಮಿಗೆ ಈ ಸಲ ಅವಸರ ಮಾಡಲಿಲ್ಲ. ಶುದ್ಧ ಆಸ್ಕಾರ್ಬಿಕ್ ಆಮ್ಲವನ್ನೂ, ಅದನ್ನೇ ಫಾಸ್ಫೇಟಿನೊಡನೆ ಬೆಸೆದು ಗಟ್ಟಿಮಾಡಿದ ಮೆಗ್ನೀಸಿಯಂ ರೂಪವನ್ನೂ ಬೇರೆ ಬೇರೆ ಕಲಸಿ, ಬಿಳಿ ಗಾಜು, ಕಂದು ಗಾಜು, ಗಾಳಿ ಸೇರದ ಪಂಪಿನ ಅಪಾರದರ್ಶಕ ಬಾಟಲಿ, ಮೂರರಲ್ಲೂ ತುಂಬಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟೆವು. ಬಿಳಿ ಗಾಜಿನ ಶುದ್ಧ ಆಮ್ಲ ಮೊದಲ ತಿಂಗಳಿಗೇ ತಿರುಗಿತು. ಕಂದು ಗಾಜಿನದು ಅದರ ಹಿಂದೆಯೇ. ಕಂದು ಗಾಜು ಬೆಳಕನ್ನು ತಡೆದೀತು, ಡ್ರಾಪರಿನ ಗಾಳಿಯನ್ನಲ್ಲ. ಪಂಪಿನಲ್ಲಿ ಇನ್ನೂ ತಡವಾಯಿತು, ಆದರೂ ಮೂರನೆಯ ತಿಂಗಳಿಗೆ ಹಳದಿ ಇಣುಕಿತು. ಪಂಪಿನಲ್ಲಿದ್ದ ಮೆಗ್ನೀಸಿಯಂ ರೂಪ ಮಾತ್ರ ಕೊನೆಯವರೆಗೂ ನೀರಿನಂತಿತ್ತು. ಅದು ಚರ್ಮಕ್ಕೆ ಇಳಿದ ಮೇಲೆ ವಿಟಮಿನ್ ಸಿ ಆಗಿ ಬದಲಾಗಬೇಕು, ಪರಿಣಾಮ ನಿಧಾನ, ಶುದ್ಧ ಆಮ್ಲದಷ್ಟು ಜೋರಲ್ಲ. ಆದ್ದರಿಂದ ಚೀಟಿಯ ಮೇಲೆ ದೊಡ್ಡ ಮಾತು ಬರೆಯುವ ಹಾಗಿರಲಿಲ್ಲ. ಯಜಮಾನರು ಬೇಸರದಿಂದಲೇ ಒಪ್ಪಿದರು. ತೆರೆದ ಮೇಲೆ ಎಷ್ಟು ತಿಂಗಳೊಳಗೆ ಮುಗಿಸಬೇಕು, ಬಣ್ಣ ಬದಲಾದರೆ ಎಸೆಯಿರಿ ಎಂಬ ಸಾಲನ್ನು ಅಕ್ಷರ ದೊಡ್ಡದು ಮಾಡಿ ಸೇರಿಸಿದ್ದು ಅಕ್ಕನ ಹಠದಿಂದ.

ಅಂಗೈ ಬಣ್ಣ ಹನ್ನೆರಡು ದಿನಕ್ಕೆ ಬಿಟ್ಟಿತು. ಉಗುರಿನದು ಬೆಳೆದು ಕತ್ತರಿಸಿಹೋಗಲು ತಿಂಗಳುಗಳೇ ಬೇಕಾದವು. ಮಗಳಿಗೆ ಅಕ್ಕ ಎಲ್ಲವನ್ನೂ ಹೇಳಿದ್ದು ವರದಿ ಬಂದ ವಾರದ ಮೇಲೆ. ಮಗಳು ಕೂಗಾಡಲಿಲ್ಲವಂತೆ. ಮೂರನೆಯ ದಿನ ಬೆಳಗಿನ ಪಾಳಿಗೆ ಹೊರಡುವ ಮುಂಚೆ ಇವರನ್ನು ಎಬ್ಬಿಸಿ, ಕಿಟಕಿಯ ಬಳಿ ಕೂರಿಸಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣು ನೋಡಿ ಹೋದಳಂತೆ. ಮರುದಿನವೂ ಹಾಗೆಯೇ.

"ಏನೂ ಇಲ್ಲ ಕಣೇ, ವರದಿ ಇದೆಯಲ್ಲ ಅಂದ್ರೂ ಕೇಳಲ್ಲ ಮೇಡಂ," ಎಂದು ಅಕ್ಕ ನನ್ನ ಬಳಿ ಹೇಳಿಕೊಂಡರು. "ಅವಳ ಕೈ ತಣ್ಣಗಿರುತ್ತೆ, ನಡುಗ್ತಿರುತ್ತೆ. ಇಷ್ಟು ವರ್ಷ ಹೆದರ್ಕೋತಿದ್ದೋಳು ನಾನೊಬ್ಳೇ ಅಂದ್ಕೊಂಡಿದ್ದೆ."